ಕೊಲೆಸ್ಟ್ರಾಲ್ ಅನುಪಾತ 4ರ ಒಳಗಿದ್ದರೆ ಚಿಂತೆಯಿಲ್ಲವೇ? ಫಾರ್ವರ್ಡ್ ಸಂದೇಶದ ಲೆಕ್ಕ ಎಲ್ಲಿ ಸರಿ, ಎಲ್ಲಿ ತಪ್ಪು

‘ಟೋಟಲ್ ಕೊಲೆಸ್ಟ್ರಾಲ್ ಎಷ್ಟೇ ಇರಲಿ, ಹೆದರಬೇಡಿ. ಅದನ್ನು ಎಚ್‌ಡಿಎಲ್‌ನಿಂದ ಭಾಗಿಸಿ. ಉತ್ತರ 4ಕ್ಕಿಂತ ಕಡಿಮೆ ಬಂದರೆ ನಿಮ್ಮ ಹೃದಯ ಸುರಕ್ಷಿತ. ಮಾತ್ರೆ ಬೇಡ.’ ಹೀಗೆ ಹೇಳುವ ಸಂದೇಶಗಳು ವಾಟ್ಸಾಪ್‌ನಲ್ಲಿ ಆಗಾಗ ಸುತ್ತು ಹೊಡೆಯುತ್ತವೆ. ಕೆಲವದರಲ್ಲಿ ‘ಎಐಪಿ’ ಎಂಬ ಇನ್ನೊಂದು ಲೆಕ್ಕವೂ ಇರುತ್ತದೆ, ಜೊತೆಗೆ ಒಂದು ಆನ್‌ಲೈನ್ ಕ್ಯಾಲ್ಕುಲೇಟರ್‌ನ ಲಿಂಕ್.

ಇದನ್ನು ಪೂರ್ತಿ ಸುಳ್ಳು ಎಂದು ತಳ್ಳಿಹಾಕಲು ಬರುವುದಿಲ್ಲ. ಈ ಅನುಪಾತವನ್ನು ವೈದ್ಯರು ದಶಕಗಳಿಂದ ಬಳಸುತ್ತಿದ್ದಾರೆ. ಲ್ಯಾಬ್ ವರದಿಯ ಕೊನೆಯಲ್ಲಿ ಅದು ಅಚ್ಚಾಗಿಯೇ ಬರುತ್ತದೆ. ತೊಡಕಿರುವುದು ಆ ಸಂಖ್ಯೆಯಿಂದ ‘ಮಾತ್ರೆ ಬೇಡ’ ಎಂಬ ತೀರ್ಮಾನಕ್ಕೆ ನೆಗೆಯುವುದರಲ್ಲಿ. ಅದು ಹೇಗೆ ಎಂದು ಎರಡು ವರದಿಗಳನ್ನು ಮುಂದಿಟ್ಟುಕೊಂಡು ನೋಡೋಣ. ಇವು ಲೆಕ್ಕಕ್ಕಾಗಿ ನಾವೇ ಬರೆದುಕೊಂಡ ಸಂಖ್ಯೆಗಳು. ಆದರೆ ಇಂಥ ವರದಿಗಳು ಅಪರೂಪವೇನಲ್ಲ.

ಎರಡು ವರದಿ, ಎರಡು ಬಗೆಯ ಮೋಸ

ಮೊದಲ ವರದಿ 46 ವರ್ಷದ ಮಹಿಳೆಯದು. ಟೋಟಲ್ ಕೊಲೆಸ್ಟ್ರಾಲ್ 290, ಎಚ್‌ಡಿಎಲ್ 76, ಟ್ರೈಗ್ಲಿಸರೈಡ್ 95. ಎಲ್ಲವೂ ನಮ್ಮ ಲ್ಯಾಬ್‌ಗಳು ಕೊಡುವ mg/dL ಅಳತೆಯಲ್ಲಿ, ಅಂದರೆ ಒಂದು ಡೆಸಿಲೀಟರ್ ರಕ್ತದಲ್ಲಿ ಎಷ್ಟು ಮಿಲಿಗ್ರಾಂ ಎಂಬ ಲೆಕ್ಕದಲ್ಲಿ. ಈಗ ಫಾರ್ವರ್ಡ್ ಹೇಳಿದಂತೆ ಭಾಗಿಸೋಣ. 290 ಭಾಗಿಸು 76, ಉತ್ತರ 3.8. ಸಂದೇಶದ ಪ್ರಕಾರ ಇವರು ಸುರಕ್ಷಿತ.

ಆದರೆ ‘ಕೆಟ್ಟ ಕೊಲೆಸ್ಟ್ರಾಲ್’ ಎಂದು ಕರೆಯುವ ಎಲ್‌ಡಿಎಲ್ ಎಷ್ಟಿದೆ? ಬಹಳಷ್ಟು ಲ್ಯಾಬ್‌ಗಳು ಅದನ್ನು ಒಂದು ಸರಳ ಕಳೆಯುವ ಲೆಕ್ಕದಿಂದ ತೆಗೆಯುತ್ತವೆ. ಟೋಟಲ್‌ನಿಂದ ಎಚ್‌ಡಿಎಲ್ ಕಳೆಯಬೇಕು, ಆಮೇಲೆ ಟ್ರೈಗ್ಲಿಸರೈಡ್‌ನ ಐದನೇ ಒಂದು ಭಾಗ ಕಳೆಯಬೇಕು. 290ರಲ್ಲಿ 76 ಹೋದರೆ 214, ಅದರಲ್ಲಿ 19 ಹೋದರೆ 195. ಎಲ್‌ಡಿಎಲ್ 190 ಅಥವಾ ಅದಕ್ಕಿಂತ ಮೇಲಿದ್ದರೆ ವೈದ್ಯರು ಯಾವ ಅನುಪಾತವನ್ನೂ ಕೇಳುವುದಿಲ್ಲ. ವಂಶಪಾರಂಪರ್ಯವಾಗಿ ಬರುವ ಹೈ ಕೊಲೆಸ್ಟ್ರಾಲ್ ಇರಬಹುದೇ ಎಂದು ಮೊದಲು ಯೋಚಿಸುತ್ತಾರೆ, ಚಿಕಿತ್ಸೆಯ ಮಾತೆತ್ತುತ್ತಾರೆ. ಆ ಫಾರ್ವರ್ಡ್ ನಂಬಿ ಸುಮ್ಮನೆ ಕುಳಿತರೆ ಈ ಮಹಿಳೆಗೆ ನಷ್ಟ.

ಎರಡನೇ ವರದಿ 41 ವರ್ಷದ ಪುರುಷನದು. ಟೋಟಲ್ 172, ಎಚ್‌ಡಿಎಲ್ 31, ಟ್ರೈಗ್ಲಿಸರೈಡ್ 210. ಎಲ್‌ಡಿಎಲ್ ಲೆಕ್ಕ ಹಾಕಿದರೆ 99. ಟೋಟಲ್ 200ರ ಒಳಗೆ, ಎಲ್‌ಡಿಎಲ್ 100ರ ಒಳಗೆ. ಈ ಎರಡು ಸಾಲುಗಳನ್ನಷ್ಟೇ ನೋಡಿದರೆ ‘ಎಲ್ಲಾ ನಾರ್ಮಲ್’ ಎಂದು ವರದಿಯನ್ನು ಬೀರುವಿನಲ್ಲಿಟ್ಟುಬಿಡಬಹುದು. ಆದರೆ 172 ಭಾಗಿಸು 31 ಅಂದರೆ 5.5. ಇಲ್ಲಿ ಅನುಪಾತ ಎಚ್ಚರಿಸುತ್ತಿದೆ, ಬಿಡಿ ಸಂಖ್ಯೆಗಳು ಮಲಗಿವೆ.

ಅಂದರೆ ಒಂದೇ ಸಂಖ್ಯೆ ನೋಡಿದವರು ಎರಡನೆಯವರನ್ನು ತಪ್ಪಿಸಿಕೊಳ್ಳುತ್ತಾರೆ. ಅನುಪಾತ ಮಾತ್ರ ನೋಡಿದವರು ಮೊದಲನೆಯವರನ್ನು ತಪ್ಪಿಸಿಕೊಳ್ಳುತ್ತಾರೆ. ಫಾರ್ವರ್ಡ್‌ಗಳು ಇದರಲ್ಲಿ ಒಂದು ಮುಖವನ್ನು ಮಾತ್ರ ತೋರಿಸುತ್ತವೆ, ಅದೂ ಸಾಮಾನ್ಯವಾಗಿ ನಮಗೆ ಕೇಳಲು ಹಿತವಾಗಿರುವ ಮುಖವನ್ನು.

ಈ ಅನುಪಾತ ಬಂದಿದ್ದು ಎಲ್ಲಿಂದ?

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಫ್ರೇಮಿಂಗ್‌ಹ್ಯಾಮ್ ಎಂಬ ಊರಿದೆ. 1948ರಿಂದ ಆ ಊರಿನ ಜನರ ಹೃದಯದ ಆರೋಗ್ಯವನ್ನು ತಲೆಮಾರುಗಳ ಕಾಲ ದಾಖಲಿಸುತ್ತಾ ಬಂದಿದ್ದಾರೆ. ಆ ಅಧ್ಯಯನದ ನಿರ್ದೇಶಕರಾಗಿದ್ದ ವಿಲಿಯಂ ಕ್ಯಾಸ್ಟೆಲಿ ಗಮನಿಸಿದ ಒಂದು ವಿಷಯ ಆಗ ಹಲವರಿಗೆ ಒಗಟಾಗಿತ್ತು. ಹಾರ್ಟ್ ಅಟ್ಯಾಕ್ ಆದವರಲ್ಲಿ ಟೋಟಲ್ ಕೊಲೆಸ್ಟ್ರಾಲ್ 200ಕ್ಕಿಂತ ಕಡಿಮೆ ಇದ್ದವರೂ ಬಹಳ ಮಂದಿ ಇದ್ದರು. ಅವರಲ್ಲಿ ಅನೇಕರ ಎಚ್‌ಡಿಎಲ್ ತೀರಾ ಕಡಿಮೆ. ಟೋಟಲ್ ಮತ್ತು ಎಚ್‌ಡಿಎಲ್ ಎರಡನ್ನೂ ಸೇರಿಸಿ ನೋಡಿದರೆ ಅಪಾಯ ಇನ್ನಷ್ಟು ಸ್ಪಷ್ಟವಾಗುತ್ತದೆ ಎಂಬ ಅರಿವು ಹೀಗೆ ಬಂತು. ಈ ಅನುಪಾತಕ್ಕೆ ಇಂದಿಗೂ ‘ಕ್ಯಾಸ್ಟೆಲಿ ಸೂಚ್ಯಂಕ’ ಎಂಬ ಹೆಸರಿದೆ.

ನಮ್ಮ ದೇಶದವರಿಗಂತೂ ಈ ಮಾತು ಚೆನ್ನಾಗಿ ಅನ್ವಯಿಸುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ‘ಇಂಡಿಯಾಬ್’ ಸಮೀಕ್ಷೆಯ ಮೊದಲ ಹಂತದ ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ತಮಿಳುನಾಡು, ಮಹಾರಾಷ್ಟ್ರ, ಜಾರ್ಖಂಡ್ ಮತ್ತು ಚಂಡೀಗಢದ ಜನರನ್ನು ಪರೀಕ್ಷಿಸಿದಾಗ ಟೋಟಲ್ ಕೊಲೆಸ್ಟ್ರಾಲ್ ಜಾಸ್ತಿ ಇದ್ದವರು ಸುಮಾರು 14%. ಆದರೆ ಎಚ್‌ಡಿಎಲ್ ಕಡಿಮೆ ಇದ್ದವರು 72%! ಕರ್ನಾಟಕ ಆ ಹಂತದಲ್ಲಿ ಇರಲಿಲ್ಲ, ಆದರೂ ನಮ್ಮ ಎರಡನೇ ವರದಿಯಂಥವರು ಈ ನೆಲದಲ್ಲಿ ಎಷ್ಟು ಸಾಮಾನ್ಯ ಎಂಬುದು ಇದರಿಂದ ಅಂದಾಜಾಗುತ್ತದೆ.

ಬ್ರಿಟನ್‌ನಲ್ಲಿ ನೆಲೆಸಿರುವ ಕನ್ನಡಿಗರಿಗೆ ಇದು ಇನ್ನೂ ಪರಿಚಿತ ಇರಬಹುದು. ಅಲ್ಲಿನ ವೈದ್ಯರು ಹತ್ತು ವರ್ಷಗಳ ಹೃದಯಾಪಾಯವನ್ನು ಅಂದಾಜಿಸಲು ಬಳಸುವ QRISK3 ಎಂಬ ಕ್ಯಾಲ್ಕುಲೇಟರ್ ಇದೇ ಟೋಟಲ್/ಎಚ್‌ಡಿಎಲ್ ಅನುಪಾತವನ್ನು ಕೇಳುತ್ತದೆ. ಆದರೆ ಅದೊಂದನ್ನೇ ಅಲ್ಲ. ವಯಸ್ಸು, ಬಿಪಿ, ಸಕ್ಕರೆ ಕಾಯಿಲೆ, ಧೂಮಪಾನ, ಕುಟುಂಬದ ಇತಿಹಾಸ, ಜನಾಂಗೀಯ ಮೂಲ ಎಲ್ಲವನ್ನೂ ಕೇಳಿ ಆಮೇಲೆ ಉತ್ತರ ಕೊಡುತ್ತದೆ. ವಂಶಪಾರಂಪರ್ಯ ಹೈ ಕೊಲೆಸ್ಟ್ರಾಲ್ ಇರುವವರಿಗೆ ಈ ಕ್ಯಾಲ್ಕುಲೇಟರ್ ಬಳಸಲೇಬಾರದು ಎಂದು ಅಲ್ಲಿನ ಮಾರ್ಗಸೂಚಿ ಹೇಳುತ್ತದೆ.

ಅನುಪಾತ ಸುಧಾರಿಸಿತು, ರೋಗಿಗಳು ಸತ್ತರು

ಅಪಾಯವನ್ನು ಅಂದಾಜು ಮಾಡುವುದು ಒಂದು. ಚಿಕಿತ್ಸೆ ಫಲಿಸುತ್ತಿದೆಯೇ ಎಂದು ಅಳೆಯುವುದು ಇನ್ನೊಂದು. ಅನುಪಾತ ಮೊದಲನೆಯದಕ್ಕೆ ಪರವಾಗಿಲ್ಲ, ಎರಡನೆಯದಕ್ಕೆ ಕೈಕೊಡುತ್ತದೆ. ಇದಕ್ಕೆ ವೈದ್ಯಕೀಯ ಇತಿಹಾಸದಲ್ಲಿ ದುಬಾರಿ ಪಾಠವೊಂದಿದೆ.

ಭಾಗಾಕಾರದಲ್ಲಿ ಉತ್ತರ ಕಡಿಮೆಯಾಗಲು ಎರಡು ದಾರಿ. ಮೇಲಿನ ಸಂಖ್ಯೆ ಇಳಿಸಬೇಕು, ಇಲ್ಲವೇ ಕೆಳಗಿನ ಸಂಖ್ಯೆ ಏರಿಸಬೇಕು. ಎಚ್‌ಡಿಎಲ್ ಹೆಚ್ಚಿರುವವರಿಗೆ ಹಾರ್ಟ್ ಅಟ್ಯಾಕ್ ಕಡಿಮೆ ಎಂದ ಮೇಲೆ ಔಷಧ ಕೊಟ್ಟು ಎಚ್‌ಡಿಎಲ್ ಏರಿಸಿದರಾಯಿತಲ್ಲ ಎಂದು ಔಷಧ ಕಂಪನಿಗಳು ಯೋಚಿಸಿದ್ದು ಸಹಜವೇ. ಟಾರ್ಸೆಟ್ರಾಪಿಬ್ ಎಂಬ ಔಷಧ ಹೀಗೆ ಹುಟ್ಟಿತು. ಸುಮಾರು 15,000 ಜನರ ಮೇಲೆ ಅದರ ಪ್ರಯೋಗ ನಡೆಯಿತು. ಎಚ್‌ಡಿಎಲ್ 72% ಏರಿತು. ಎಲ್‌ಡಿಎಲ್ ಕೂಡ ಕಾಲು ಭಾಗ ಇಳಿಯಿತು. ಅನುಪಾತದ ಕಣ್ಣಿನಲ್ಲಿ ಇದು ಪವಾಡ. ಆದರೆ 2006ರ ಡಿಸೆಂಬರ್‌ನಲ್ಲಿ ಪ್ರಯೋಗವನ್ನು ಅವಸರದಲ್ಲಿ ನಿಲ್ಲಿಸಬೇಕಾಯಿತು. ಕೊನೆಯ ಲೆಕ್ಕದಲ್ಲಿ ಆ ಔಷಧ ತೆಗೆದುಕೊಂಡವರಲ್ಲಿ 93 ಮಂದಿ ಸತ್ತಿದ್ದರು, ತೆಗೆದುಕೊಳ್ಳದವರಲ್ಲಿ 59.

ಆ ಔಷಧ ಬಿಪಿಯನ್ನೂ ಏರಿಸುತ್ತಿತ್ತು, ಹಾಗಾಗಿ ತಪ್ಪು ಎಚ್‌ಡಿಎಲ್‌ನದಲ್ಲ ಎಂದು ವಾದಿಸಿದವರಿದ್ದರು. ಆ ಮಾತಿನಲ್ಲಿ ಹುರುಳಿತ್ತು ಕೂಡ. ಆದರೆ ಅದೇ ಗುಂಪಿನ ಇನ್ನೊಂದು ಔಷಧ ಅನಾಸೆಟ್ರಾಪಿಬ್‌ನ ಫಲಿತಾಂಶ 2017ರಲ್ಲಿ ಬಂತು. ಸುಮಾರು 30,000 ಜನರ ಪ್ರಯೋಗ. ಎಚ್‌ಡಿಎಲ್ ದುಪ್ಪಟ್ಟಾಯಿತು. ಹಾರ್ಟ್ ಅಟ್ಯಾಕ್‌ನಂಥ ತೊಂದರೆಗಳು ಕಡಿಮೆಯಾದದ್ದು ಬರೀ 9%. ಆ 9% ಲಾಭಕ್ಕೆ, ಕೆಟ್ಟ ಕೊಲೆಸ್ಟ್ರಾಲ್ ಕಣಗಳು ಎಷ್ಟು ಇಳಿದಿದ್ದವೋ ಅಷ್ಟೇ ಸಾಕಾಗಿತ್ತು. ದುಪ್ಪಟ್ಟಾದ ಎಚ್‌ಡಿಎಲ್ ತನ್ನ ಪಾಲಿಗೆ ಏನನ್ನೂ ಸೇರಿಸಿದಂತೆ ಕಾಣಲಿಲ್ಲ.

ಎಚ್‌ಡಿಎಲ್ ಕಡಿಮೆ ಇರುವುದು ದೇಹದಲ್ಲಿ ಬೇರೇನೋ ಸರಿಯಿಲ್ಲ ಎಂಬುದರ ಗುರುತು. ಮನೆಯ ಗೋಡೆಯ ಮೇಲೆ ತೇವದ ಕಲೆ ಕಂಡಂತೆ. ಕಲೆಯ ಮೇಲೆ ಸುಣ್ಣ ಬಳಿದರೆ ಪೈಪಿನ ಸೋರಿಕೆ ನಿಲ್ಲುವುದಿಲ್ಲ.

ಈ ಪಾಠ ಅಡುಗೆಮನೆಗೂ ಬರುತ್ತದೆ. ‘ಕೊಬ್ಬರಿ ಎಣ್ಣೆ ಅನುಪಾತವನ್ನು ಸುಧಾರಿಸುತ್ತದೆ’ ಎಂಬ ಸಂದೇಶ ಕರಾವಳಿಯ ಗ್ರೂಪ್‌ಗಳಲ್ಲಿ ಜನಪ್ರಿಯ. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ 2020ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು, ಸೂರ್ಯಕಾಂತಿಯಂಥ ಎಣ್ಣೆಗಳಿಗೆ ಹೋಲಿಸಿದರೆ ಕೊಬ್ಬರಿ ಎಣ್ಣೆ ಎಲ್‌ಡಿಎಲ್ ಅನ್ನು ಸುಮಾರು 10, ಎಚ್‌ಡಿಎಲ್ ಅನ್ನು ಸುಮಾರು 4 ಏರಿಸುತ್ತದೆ ಎಂದು ತೋರಿಸಿತು. ಈಗ ಟೋಟಲ್ 200, ಎಚ್‌ಡಿಎಲ್ 40 ಇರುವವರನ್ನು ತೆಗೆದುಕೊಳ್ಳಿ. ಅನುಪಾತ 5. ಎಣ್ಣೆ ಬದಲಿಸಿದ ಮೇಲೆ ಟೋಟಲ್ 214, ಎಚ್‌ಡಿಎಲ್ 44. ಅನುಪಾತ 4.9ಕ್ಕೆ ಇಳಿಯಿತು! ಸಂದೇಶ ಹೇಳಿದ್ದು ಅಂಕಗಣಿತದ ಮಟ್ಟಿಗೆ ಸುಳ್ಳಲ್ಲ. ಆದರೆ ರಕ್ತನಾಳದ ಗೋಡೆಗೆ ಅಂಟುವ ಬಗೆಯ ಕೊಲೆಸ್ಟ್ರಾಲ್ 160ರಿಂದ 170ಕ್ಕೆ ಏರಿದೆ. ಮೀನಿನ ಸಾರಿಗೆ ಒಗ್ಗರಣೆ ಹಾಕುವಷ್ಟು ಎಣ್ಣೆಯ ಬಗ್ಗೆ ನಾವು ತಕರಾರು ಎತ್ತುತ್ತಿಲ್ಲ. ಬೆಳಗ್ಗೆ ಎದ್ದು ಎರಡು ಚಮಚ ಕುಡಿದರೆ ಹೃದಯಕ್ಕೆ ಒಳ್ಳೆಯದು ಎಂಬ ಸಲಹೆಗೆ ಮಾತ್ರ ಈ ಲೆಕ್ಕ ಆಧಾರವಾಗಲಾರದು.

ಎಐಪಿ ಏನು ಹೇಳುತ್ತದೆ?

ಎಐಪಿ ಎಂದರೆ ಅಥೆರೋಜೆನಿಕ್ ಇಂಡೆಕ್ಸ್ ಆಫ್ ಪ್ಲಾಸ್ಮಾ. ರಕ್ತನಾಳದಲ್ಲಿ ಕೊಬ್ಬಿನ ಪದರ ಕಟ್ಟುವ ಸಾಧ್ಯತೆಯ ಸೂಚಕ ಎಂದು ಕನ್ನಡದಲ್ಲಿ ಹೇಳಬಹುದು. ಪ್ರಾಗ್ ನಗರದ ಮಿಲಾಡಾ ಡೋಬಿಯಾಶೊವಾ ಮತ್ತು ಕೆನಡಾದ ವ್ಯಾಂಕೂವರ್‌ನ ಯಿರಿ ಫ್ರೋಲಿಕ್ 2001ರಲ್ಲಿ ಇದನ್ನು ವಿವರಿಸಿದರು. ಸೂತ್ರ ಇಷ್ಟೇ:

```
AIP = log10(TG / HDL)
```

ಇಲ್ಲಿ ಟೋಟಲ್ ಕೊಲೆಸ್ಟ್ರಾಲ್ ಇಲ್ಲ, ಎಲ್‌ಡಿಎಲ್ ಕೂಡ ಇಲ್ಲ. ಟ್ರೈಗ್ಲಿಸರೈಡ್ ಅನ್ನು ಎಚ್‌ಡಿಎಲ್‌ನಿಂದ ಭಾಗಿಸಿ ಲಾಗರಿದಮ್ ತೆಗೆಯುತ್ತಾರೆ. ಅದರಿಂದ ಏನು ಗೊತ್ತಾಗುತ್ತದೆ ಎಂಬುದಕ್ಕೆ ಅಕ್ಕಿಯ ಉದಾಹರಣೆ ನೋಡಿ. 50 ಕಿಲೋ ಅಕ್ಕಿಯನ್ನು ಎರಡು ದೊಡ್ಡ ಚೀಲಗಳಲ್ಲೂ ತುಂಬಬಹುದು, ಹತ್ತು ಚಿಕ್ಕ ಚೀಲಗಳಲ್ಲೂ ತುಂಬಬಹುದು. ತೂಕ ಒಂದೇ, ಚೀಲಗಳ ಎಣಿಕೆ ಬೇರೆ. ವರದಿಯಲ್ಲಿರುವ ಎಲ್‌ಡಿಎಲ್ ಸಂಖ್ಯೆ ಅಕ್ಕಿಯ ತೂಕ ಇದ್ದಂತೆ, ಅಂದರೆ ಎಲ್‌ಡಿಎಲ್ ಕಣಗಳೊಳಗೆ ಒಟ್ಟು ಎಷ್ಟು ಕೊಲೆಸ್ಟ್ರಾಲ್ ಇದೆ ಎಂಬುದು. ಆದರೆ ರಕ್ತನಾಳದ ಗೋಡೆಯೊಳಗೆ ನುಗ್ಗಿ ಸಿಕ್ಕಿಕೊಳ್ಳುವುದು ಚೀಲ, ಅಂದರೆ ಕಣ. ಟ್ರೈಗ್ಲಿಸರೈಡ್ ಹೆಚ್ಚಾಗಿ ಎಚ್‌ಡಿಎಲ್ ಕಡಿಮೆಯಾದಾಗ ಎಲ್‌ಡಿಎಲ್ ಕಣಗಳು ಚಿಕ್ಕದಾಗುತ್ತವೆ, ಒಂದೊಂದರಲ್ಲೂ ಕೊಲೆಸ್ಟ್ರಾಲ್ ಕಡಿಮೆ ಇರುತ್ತದೆ. ಆಗ ತೂಕ ‘ನಾರ್ಮಲ್’ ಕಂಡರೂ ಚೀಲಗಳು ಜಾಸ್ತಿ ಇರಬಹುದು. ಎಐಪಿ ಈ ಚಿಕ್ಕ ಕಣಗಳ ಇರವನ್ನು ಪರೋಕ್ಷವಾಗಿ ತೋರಿಸುತ್ತದೆ. 0.1ಕ್ಕಿಂತ ಕಡಿಮೆ ಇದ್ದರೆ ಅಪಾಯ ಕಡಿಮೆ, 0.24ಕ್ಕಿಂತ ಹೆಚ್ಚಿದ್ದರೆ ಅಪಾಯ ಹೆಚ್ಚು, ನಡುವೆ ಇದ್ದರೆ ಮಧ್ಯಮ ಎಂಬುದು ಡೋಬಿಯಾಶೊವಾ ಸೂಚಿಸಿದ ಗಡಿ.

ಇನ್ನು ಕ್ಯಾಲ್ಕುಲೇಟರ್ ವಿಷಯ. ಈ ಗಡಿಗಳು mmol/L ಎಂಬ ಅಳತೆಗೆ ನಿಗದಿಯಾದವು. ನಮ್ಮ ಲ್ಯಾಬ್ ವರದಿ ಕೊಡುವುದು mg/dL. ಟೋಟಲ್ ಅನ್ನು ಎಚ್‌ಡಿಎಲ್‌ನಿಂದ ಭಾಗಿಸುವಾಗ ಅಳತೆ ಯಾವುದಾದರೂ ಉತ್ತರ ಒಂದೇ, ಯಾಕೆಂದರೆ ಎರಡೂ ಕೊಲೆಸ್ಟ್ರಾಲ್. ಟ್ರೈಗ್ಲಿಸರೈಡ್ ಬೇರೆ ವಸ್ತು, ಅದರ ಅಣುವಿನ ತೂಕ ಬೇರೆ. ಹಾಗಾಗಿ ಟ್ರೈಗ್ಲಿಸರೈಡ್ ಅನ್ನು 88.57ರಿಂದ, ಎಚ್‌ಡಿಎಲ್ ಅನ್ನು 38.67ರಿಂದ ಭಾಗಿಸಿ ಅಳತೆ ಬದಲಿಸಿಕೊಂಡ ಮೇಲೆಯೇ ಲಾಗ್ ತೆಗೆಯಬೇಕು. ಈ ಮೆಟ್ಟಿಲನ್ನು ಹಾರಿಸಿದರೆ ಏನಾಗುತ್ತದೆ ಗೊತ್ತೇ? ಟ್ರೈಗ್ಲಿಸರೈಡ್ 120, ಎಚ್‌ಡಿಎಲ್ 48 ಇರುವ ವ್ಯಕ್ತಿಗೆ ನೇರ ಲೆಕ್ಕದಲ್ಲಿ 0.40 ಬರುತ್ತದೆ. ‘ಹೈ ರಿಸ್ಕ್’ ಎಂದು ಕೆಂಪು ಬಣ್ಣದಲ್ಲಿ ತೋರಿಸಲು ಅಷ್ಟು ಸಾಕು. ಸರಿಯಾದ ಉತ್ತರ 0.04, ಅಂದರೆ ಕಡಿಮೆ ಅಪಾಯ.

ಫೋನಿನಲ್ಲಿ ಎಐಪಿ ನೋಡುವುದಾದರೆ ಈ 120 ಮತ್ತು 48 ಹಾಕಿ ಪರೀಕ್ಷಿಸಿ. 0.40 ತೋರಿಸಿದರೆ ಆ ಕ್ಯಾಲ್ಕುಲೇಟರ್ ಅಳತೆ ಬದಲಿಸುತ್ತಿಲ್ಲ, ಮುಚ್ಚಿಬಿಡಿ. ಇನ್ನೂ ಸುಲಭದ ದಾರಿ, ಲಾಗ್‌ನ ಗೊಡವೆಯೇ ಬೇಡ. ವರದಿಯಲ್ಲಿರುವ ಟ್ರೈಗ್ಲಿಸರೈಡ್ ಎಚ್‌ಡಿಎಲ್‌ನ ನಾಲ್ಕು ಪಟ್ಟು ಇದ್ದರೆ ಎಐಪಿ ಸರಿಸುಮಾರು 0.24, ಮೂರು ಪಟ್ಟಿಗಿಂತ ಸ್ವಲ್ಪ ಕಡಿಮೆ ಇದ್ದರೆ 0.1. ನಮ್ಮ 41 ವರ್ಷದ ಪುರುಷನಿಗೆ 210 ಮತ್ತು 31, ಹೆಚ್ಚುಕಡಿಮೆ ಏಳು ಪಟ್ಟು. ಎಐಪಿ 0.47. ಮಹಿಳೆಗೆ 95 ಮತ್ತು 76, ಎಐಪಿ ಸೊನ್ನೆಗಿಂತಲೂ ಕೆಳಗೆ, ಮೈನಸ್ 0.26. ಎಲ್‌ಡಿಎಲ್ 195 ಇರುವ ಅವರನ್ನು ಎಐಪಿ ಕೂಡ ‘ಕಡಿಮೆ ಅಪಾಯ’ ಎಂದು ಕಳುಹಿಸಿಬಿಡುತ್ತದೆ. ಎಲ್‌ಡಿಎಲ್ ಸೂತ್ರದಲ್ಲೇ ಇಲ್ಲದ ಮೇಲೆ ಅದು ಹೇಗೆ ಕಂಡೀತು?

ಟ್ರೈಗ್ಲಿಸರೈಡ್ ಹಟಮಾರಿ ಸಂಖ್ಯೆಯೂ ಅಲ್ಲ, ದಿನದಿಂದ ದಿನಕ್ಕೆ ಓಲಾಡುತ್ತದೆ. ಹಿಂದಿನ ರಾತ್ರಿಯ ಮದುವೆ ಊಟ, ಮದ್ಯ, ಖಾಲಿ ಹೊಟ್ಟೆಯಲ್ಲಿ ಇಲ್ಲದಿರುವುದು, ಎಲ್ಲವೂ ಅದನ್ನು ಏರಿಸಬಲ್ಲವು. ಎಚ್‌ಡಿಎಲ್ 42 ಇರುವವರ ಟ್ರೈಗ್ಲಿಸರೈಡ್ ಒಂದು ಸಲ 120, ಇನ್ನೊಂದು ಸಲ 170 ಬಂದರೆ ಎಐಪಿ ‘ಕಡಿಮೆ’ಯಿಂದ ನೇರವಾಗಿ ‘ಹೆಚ್ಚು’ ಗುಂಪಿಗೆ ಜಿಗಿಯುತ್ತದೆ. ಒಂದೇ ವರದಿ ಹಿಡಿದು ಸಮಾಧಾನ ಪಡುವುದೂ ಬೇಡ, ನಿದ್ದೆ ಕೆಡಿಸಿಕೊಳ್ಳುವುದೂ ಬೇಡ.

ಹಾಗಾದರೆ ವರದಿಯಲ್ಲಿ ಯಾವ ಸಾಲು ನೋಡುವುದು?

ಮೊದಲು ಎಲ್‌ಡಿಎಲ್, ಅದರ ಪಕ್ಕದಲ್ಲೇ ನಾನ್-ಎಚ್‌ಡಿಎಲ್. ಎರಡನೆಯದು ವರದಿಯಲ್ಲಿ ಇಲ್ಲದಿದ್ದರೆ ಟೋಟಲ್‌ನಿಂದ ಎಚ್‌ಡಿಎಲ್ ಕಳೆಯಿರಿ, ಅಷ್ಟೇ. ಭಾಗಾಕಾರದ ಬದಲು ವ್ಯವಕಲನ. ರಕ್ತನಾಳಕ್ಕೆ ತೊಂದರೆ ಕೊಡುವ ಎಲ್ಲ ಬಗೆಯ ಕಣಗಳ ಕೊಲೆಸ್ಟ್ರಾಲ್ ಅದರಲ್ಲಿ ಸೇರಿರುತ್ತದೆ. ಟ್ರೈಗ್ಲಿಸರೈಡ್ ಹೊತ್ತ ಕಣಗಳೂ ಸೇರಿರುತ್ತವೆ, ಊಟದ ಪ್ರಭಾವವೂ ಕಡಿಮೆ. ಲಿಪಿಡ್ ಅಸೋಸಿಯೇಷನ್ ಆಫ್ ಇಂಡಿಯಾ ಕೂಡ ಚಿಕಿತ್ಸೆಯ ಗುರಿಯಾಗಿ ಎಲ್‌ಡಿಎಲ್ ಜೊತೆಗೆ ಇದನ್ನೇ ಇಟ್ಟಿದೆ, ಅನುಪಾತವನ್ನಲ್ಲ. ಗುರಿ ಎಷ್ಟು ಎಂಬುದು ಅವರವರ ಅಪಾಯದ ಮೇಲೆ ನಿಂತಿದೆ. ಆಗಲೇ ಹಾರ್ಟ್ ಅಟ್ಯಾಕ್ ಆದವರಿಗೆ, ಸ್ಟೆಂಟ್ ಹಾಕಿಸಿಕೊಂಡವರಿಗೆ ತುಂಬಾ ಕೆಳಗಿನ ಗುರಿ. ಸಾಮಾನ್ಯವಾಗಿ ನಾನ್-ಎಚ್‌ಡಿಎಲ್‌ನ ಗುರಿ ಎಲ್‌ಡಿಎಲ್ ಗುರಿಗಿಂತ 30 ಹೆಚ್ಚು. ಕಣಗಳನ್ನೇ ಎಣಿಸಬೇಕೆಂದರೆ ಅಪೊ-ಬಿ ಎಂಬ ಪರೀಕ್ಷೆ ಇದೆ. ಕೆಟ್ಟ ಕಣ ಒಂದಕ್ಕೆ ಅಪೊ-ಬಿ ಪ್ರೋಟೀನ್ ಒಂದೇ ಇರುವುದರಿಂದ ಅದು ಚೀಲಗಳ ನೇರ ಎಣಿಕೆ. ಟ್ರೈಗ್ಲಿಸರೈಡ್ ಹೆಚ್ಚಿರುವವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ ವೈದ್ಯರು ಇದನ್ನು ಬರೆಯಬಹುದು.

ನಮ್ಮ ಪುರುಷನ ನಾನ್-ಎಚ್‌ಡಿಎಲ್ 141. ‘ನಾರ್ಮಲ್’ ಕಾಣುವ ಎಲ್‌ಡಿಎಲ್ 99ಕ್ಕಿಂತ ಅದು 42 ಹೆಚ್ಚು, ಅಂತರ 30ನ್ನು ಮೀರಿದೆ. ಅನುಪಾತ ಮತ್ತು ಎಐಪಿ ಇವರಿಗೆ ನಿಜವಾಗಿ ಉಪಕಾರ ಮಾಡಿದ್ದು ಇಲ್ಲೇ, ಎರಡೂ ಒಂದೇ ಕಡೆಗೆ ಬೆರಳು ತೋರಿಸುತ್ತಿವೆ. ಇವರ ಮುಂದಿನ ಹೆಜ್ಜೆ ಎಚ್‌ಡಿಎಲ್ ಏರಿಸುವ ಮಾತ್ರೆ ಹುಡುಕುವುದಲ್ಲ. ಎಚ್‌ಬಿಎ1ಸಿ ಪರೀಕ್ಷೆ, ಸೊಂಟದ ಸುತ್ತಳತೆ, ಫ್ಯಾಟಿ ಲಿವರ್ ಇದೆಯೇ ಎಂಬ ತಪಾಸಣೆ, ಬಿಪಿ, ಧೂಮಪಾನ ಮತ್ತು ಮದ್ಯದ ಬಗ್ಗೆ ವೈದ್ಯರ ಮುಂದೆ ಮುಚ್ಚುಮರೆಯಿಲ್ಲದ ಮಾತು.

ಮಹಿಳೆಯ ದಾರಿ ಬೇರೆ. ಲಿಪಿಡ್ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿಸಬೇಕು. ಜೊತೆಗೆ ಟಿಎಸ್‌ಎಚ್ ಕೂಡ, ಏಕೆಂದರೆ ಥೈರಾಯ್ಡ್ ಕೆಲಸ ನಿಧಾನವಾದರೂ ಎಲ್‌ಡಿಎಲ್ ಏರುತ್ತದೆ. ಥೈರಾಯ್ಡ್ ಸರಿ ಇದ್ದೂ ಎಲ್‌ಡಿಎಲ್ ಹಾಗೆಯೇ ಉಳಿದರೆ, ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲಿ ಹಾರ್ಟ್ ಅಟ್ಯಾಕ್ ಆಗಿತ್ತೇ ಎಂದು ವೈದ್ಯರು ಕೇಳುತ್ತಾರೆ. ವಂಶಪಾರಂಪರ್ಯ ಹೈ ಕೊಲೆಸ್ಟ್ರಾಲ್ ಎಂದು ಖಚಿತವಾದರೆ ಒಡಹುಟ್ಟಿದವರಿಗೂ ಮಕ್ಕಳಿಗೂ ಅದು ಇರುವ ಸಾಧ್ಯತೆ ಅರ್ಧಕ್ಕರ್ಧ. ಅಣ್ಣ-ತಮ್ಮಂದಿರು, ಅಕ್ಕ-ತಂಗಿಯರು, ಮಕ್ಕಳು ಎಲ್ಲರೂ ಒಮ್ಮೆ ಲಿಪಿಡ್ ಪರೀಕ್ಷೆ ಮಾಡಿಸಿಕೊಳ್ಳಬೇಕಾಗುತ್ತದೆ. ಫ್ಯಾಮಿಲಿ ಗ್ರೂಪಿಗೆ ಅವರು ಹಾಕಬೇಕಾದ ಸಂಖ್ಯೆ ಅನುಪಾತದ 3.8 ಅಲ್ಲ, ಎಲ್‌ಡಿಎಲ್‌ನ 195.